ರೈಟರ್ ಕೆಲ್ಸ ಬಿಟ್ಟು ರೆಸಾರ್ಟಿಗೆ: ಬೇರೆಯೋರು 22 ಸಾವಿರ ಅಂದ ಕೆಲ್ಸಕ್ಕೆ 33 ಒಪ್ಪಿಸಿದ ನನ್ನ ಅನುಭವ

ಕಾಫಿ ತೋಟದಲ್ಲಿ ಆಳು, ಲೆಕ್ಕ ನೋಡ್ಕೊಳ್ಳೋ ರೈಟರ್ ಆಗಿದ್ದೋನಿಗೆ ರೆಸಾರ್ಟಲ್ಲಿ ಫ್ರೆಶರ್ ಸಂಬಳನೇ ಅಂತ ನಮ್ಮ ಕಡೆ ಎಲ್ರೂ ಹೇಳ್ತಿದ್ರು, ಬಾವ ಅಂತೂ ಜಾಸ್ತಿ ಕೇಳಿದ್ರೆ ಇರೋದೂ ಕೈ ತಪ್ಪುತ್ತೆ ಅಂದಿದ್ರು. ಈಗ ಮಡಿಕೇರಿ ಹತ್ರ ಆಪರೇಷನ್ಸ್ ನೋಡ್ಕೊಳ್ತಿದೀನಿ, 33 ಸಾವಿರ.

ಮೊದ್ಲು ಹೋದ ಎರಡು ಕಡೆ ಐವತ್ತು ಆಳು ನೋಡ್ಕೊಂಡಿದೀನಿ, ಹಾಜರಿ ಬರೆಯೋ ಚೆಕ್‌ರೋಲು, ಸ್ಟೋರು ಎಲ್ಲಾ ನಂದೇ ಅಂತ ಹೇಳಿದೆ. ಅದು ಕಾಫಿ, ಇದು ಬೇರೆ ಅಂದು 20, 22 ಅಂದ್ರು. ಹಳೇ ಸ್ಲಿಪ್ಪಲ್ಲಿ 24 ಇತ್ತು, ಕ್ವಾರ್ಟರ್ಸು, ಕರೆಂಟು, ಸೌದೆ ಸೇರಿಸಿದ್ರೆ 30ರ ಹತ್ರ ಆಗುತ್ತೆ, ಆ ಲೆಕ್ಕ ಬಾಯಲ್ಲಿ ಹೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ, ಕಾಗದದಲ್ಲಿ ಬೇಕು.

ಮೂರನೇ ರೆಸಾರ್ಟಿಗೆ ತೋಟದ ಡೀಸೆಲ್ ಪುಸ್ತಕದ ಎರಡು ಹಾಳೆ ಹಿಡ್ಕೊಂಡು ಹೋದೆ. ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕೋ ಫೆಬ್ರವರಿ-ಮಾರ್ಚಲ್ಲಿ ಪಂಪ್‌ಸೆಟ್ ಎಷ್ಟು ಗಂಟೆ ಓಡ್ತು, ಎಷ್ಟು ಲೀಟರ್ ಹೋಯ್ತು ಅಂತ ದಿನಾ ಬರೀತಿದ್ದೆ, ಎರಡು ಸೀಸನ್ನಲ್ಲಿ ಆರರಲ್ಲಿ ಒಂದು ಪಾಲು ಡೀಸೆಲ್ ಕಮ್ಮಿ ಮಾಡಿದ್ದೆ. ಸಾವ್ಕಾರ್ರನ್ನ ಕೇಳಿ ಆ ಎರಡು ಹಾಳೆ ಮಾತ್ರ ಜೆರಾಕ್ಸ್ ಮಾಡಿಸ್ಕೊಂಡೆ, ತೋಟದ ಬೇರೆ ಲೆಕ್ಕ ಹೊರಗೆ ತರೋದು ಸರಿಯಲ್ಲ.

ಮಳೆಗಾಲ, ಕರೆಂಟ್ ಹೇಗಿರುತ್ತೆ ಗೊತ್ತಲ್ಲ. ಜನರೇಟರ್ ಎಷ್ಟು ಗಂಟೆ ಓಡ್ತು ಅನ್ನೋ ಮೀಟರ್ ರೀಡಿಂಗ್ ಮತ್ತೆ ಹಿಂದಿನ ತಿಂಗಳ ಡೀಸೆಲ್ ಬಿಲ್ ತೋರಿಸಿ ಸರ್ ಅಂದೆ. 62.5 ಕೆವಿಎ ಸೆಟ್ಟು, ತಿಂಗಳಿಗೆ ಸುಮಾರು 130 ಗಂಟೆ, ಬಿಲ್ಲು 1,400 ಲೀಟರ್. ಅರ್ಧ ಲೋಡಲ್ಲಿ ಇಂಥ ಸೆಟ್ಟು ಗಂಟೆಗೆ 8 ಲೀಟರ್ ಆಸುಪಾಸು ಕುಡಿಯುತ್ತೆ, ಅಂದ್ರೆ ಹೆಚ್ಚಂದ್ರೆ 1,050 ಸಾಕು. ಉಳಿದ 350 ಲೀಟರ್, 90 ರೂಪಾಯಿ ಲೆಕ್ಕದಲ್ಲಿ 31 ಸಾವಿರದ ಮೇಲೆ. ಇದು ಕಳ್ಳತನ ಅಂತ ನಾನು ಅನ್ಲಿಲ್ಲ, ಲೋಡ್ ಜಾಸ್ತಿ ಇದ್ರೂ ಹಾಗಾಗುತ್ತೆ, ಅದಕ್ಕೆ ಆಂಪಿಯರ್ ನೋಡ್ಬೇಕು ಅಂತಷ್ಟೇ ಹೇಳಿದೆ. ಮ್ಯಾನೇಜರ್ ಎದ್ದು ಓನರ್‌ನ ಕರ್ಕೊಂಬಂದ್ರು.

ಆಮೇಲೆ 36 ಕೇಳಿದೆ. ಗೆಸ್ಟ್ ಹ್ಯಾಂಡ್ಲಿಂಗ್, ಬುಕಿಂಗ್ ಸಾಫ್ಟ್‌ವೇರ್ ನಂಗೆ ಬರಲ್ಲ, ಅದಕ್ಕೆ ದುಡ್ಡು ಕೇಳ್ತಿಲ್ಲ, ಸ್ಟೋರು, ಡೀಸೆಲ್ಲು, ಆಳಿನ ಶಿಫ್ಟು ಇದಕ್ಕೆ ಕೇಳ್ತಿದೀನಿ ಅಂತ ಬಿಡಿಸಿ ಹೇಳಿದ್ಮೇಲೆ ಅವ್ರು ಫ್ರೆಶರ್ ಅನ್ನೋ ಮಾತು ಬಿಟ್ರು.

ಇದೇ ಥರ ಕುಶಾಲನಗರದ ಒಬ್ಬ ಕಾಫಿ ವ್ಯಾಪಾರಿ ಹತ್ರ ಔಟ್‌ಟರ್ನ್ ಲೆಕ್ಕ ಇಟ್ಟು ನೋಡಿದ್ದೆ, 50 ಕೆಜಿ ಚೆರ್ರಿಗೆ ಎಷ್ಟು ಕ್ಲೀನ್ ಕಾಫಿ ಬರುತ್ತೆ ಅನ್ನೋದು ಅವ್ರಿಗೆ ನನಗಿಂತ ಚೆನ್ನಾಗಿ ಗೊತ್ತು, ಒಂದು ರೂಪಾಯಿನೂ ಏರ್ಲಿಲ್ಲ. ಅವ್ರ ಹತ್ರ ಇಲ್ದೇ ಇರೋ ಲೆಕ್ಕನೇ ತಗೊಂಡ್ಹೋಗ್ಬೇಕು.

ಕೊನೆಗೆ ಮೂರು ತಿಂಗಳು 30, ಡೀಸೆಲ್ ಗಂಟೆಗೆ 9 ಲೀಟರ್ ಒಳಗೆ ಬಂದ್ರೆ 33 ಅಂತ ಆಫರ್ ಲೆಟರಲ್ಲೇ ಬರೆಸ್ಕೊಂಡೆ, ಪಿಎಫ್‌ನಲ್ಲಿ ಅವ್ರ ಪಾಲು ಇದರ ಮೇಲೆ ಬೇರೆ ಅಂತಾನೂ. ಎರಡನೇ ತಿಂಗಳಿಗೇ ಎಂಟೂವರೆಗೆ ಇಳೀತು.