‘Vasantha’ ಅಂತ ಮಾತ್ರ ಗೊತ್ತಿದ್ದಾಗ

ನಾನು ತುಮಕೂರು ಜಿಲ್ಲೆಯ ಒಂದು ಚಿಕ್ಕ ಟ್ರಸ್ಟಿನಲ್ಲಿದ್ದೇನೆ. ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳಿಂದ ಕಥೆ ಓದಿಸುವುದು ನಮ್ಮ ಕೆಲಸ. ಹೋಗೋದಕ್ಕೆ ಮುಂಚೆ ಅನುಮತಿ ಬೇಕು. ಶಾಲೆಗೆ, ಬಿಇಒ ಕಚೇರಿಗೆ, ಪಂಚಾಯಿತಿಗೆ ದಿನಕ್ಕೆ ಐದಾರು ಇಮೇಲ್ ಆದರೂ ನನ್ನ ಕೈಯಿಂದ ಹೋಗುತ್ತವೆ. ಎಲ್ಲವೂ ಕನ್ನಡದಲ್ಲೇ. ಬಹಳ ಸಲ ಆ ಕಡೆ ಓದುವವರು ಗಂಡಸರೋ ಹೆಂಗಸರೋ, ಅಧಿಕಾರಿಯೋ ಗುಮಾಸ್ತರೋ ಗೊತ್ತಿರುವುದಿಲ್ಲ.

ಶುರುವಿನಲ್ಲಿ ಇದನ್ನು ನಾನು ಅಷ್ಟಾಗಿ ತಲೆಗೆ ಹಚ್ಚಿಕೊಂಡಿರಲಿಲ್ಲ. ಒಮ್ಮೆ ಒಂದು ಶಾಲೆಯ ಮುಖ್ಯಸ್ಥರಿಗೆ ಬರೆಯಬೇಕಿತ್ತು. ನನ್ನ ಪಟ್ಟಿಯಲ್ಲಿ ಇದ್ದದ್ದು ‘Vasantha, HM’ ಅಂತ ಅಷ್ಟೇ. ನಮ್ಮೂರಲ್ಲಿ ವಸಂತಣ್ಣ ಅಂತ ಒಬ್ಬರಿದ್ದರು, ಬಹುಶಃ ಅದಕ್ಕೇ ನನ್ನ ಮನಸ್ಸು ಗಂಡಸು ಅಂದುಕೊಂಡುಬಿಟ್ಟಿತು. ಹಳೆಯ ಸುತ್ತೋಲೆಯೊಂದನ್ನು ಮುಂದಿಟ್ಟುಕೊಂಡು ಬರೆದೆ:

“ಮಾನ್ಯ ಸರ್, ನಿಮ್ಮ ಶಾಲೆಯಲ್ಲಿ ಕಥೆ ಓದುವ ಕಾರ್ಯಕ್ರಮ ನಡೆಸಲು ಉದ್ದೇಶಿಸಲಾಗಿದೆ. ತಮ್ಮ ಒಪ್ಪಿಗೆಯನ್ನು ಶುಕ್ರವಾರದೊಳಗೆ ಕಳುಹಿಸಲು ತಿಳಿಸಿದೆ. ಧನ್ಯವಾದಗಳು.”

ಮರುದಿನ ಎರಡು ಸಾಲಿನ ಉತ್ತರ ಬಂತು. “ತಮ್ಮ ಪತ್ರ ತಲುಪಿದೆ. ಪರಿಶೀಲಿಸಲಾಗುವುದು.” ಕೆಳಗೆ ಹೆಸರು, ಅದರ ಕೆಳಗೆ ‘ಮುಖ್ಯೋಪಾಧ್ಯಾಯಿನಿ’. ಅವರು ಬೇರೇನೂ ಹೇಳಿರಲಿಲ್ಲ. ಆ ಒಂದು ಪದ ಓದಿ ನನಗೆ ನಿಜಕ್ಕೂ ಬೇಜಾರಾಯಿತು.

ಆ ಹೆಸರಿನಲ್ಲೇ ತೊಡಕಿದೆ. ಇಂಗ್ಲಿಷ್ ಅಕ್ಷರದಲ್ಲಿ Vasantha ಅಂದರೆ ವಸಂತ ಆಗಬಹುದು, ವಸಂತಾ ಆಗಬಹುದು. ಕನ್ನಡದಲ್ಲಿ ಬರೆದಿದ್ದರೂ ಪೂರ್ತಿ ಬಿಡಿಸಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ಎಷ್ಟೋ ಹೆಣ್ಣುಮಕ್ಕಳು ದೀರ್ಘ ಬಿಟ್ಟು ‘ವಸಂತ’ ಎಂದೇ ಬರೆಯುತ್ತಾರೆ. ಜ್ಯೋತಿ, ಕಿರಣ್, ಶಶಿ, ಸುಮನ್ ಎಲ್ಲ ಇದೇ ಗುಂಪು. ನನ್ನ ಹೆಸರು ಶಶಿಕಲಾ. ಸಹಿಯಲ್ಲಿ ‘ಶಶಿ’ ಅಂತ ಹಾಕುತ್ತಿದ್ದ ಕಾಲದಲ್ಲಿ ನನಗೂ ‘ಶಶಿ ಸರ್’ ಅಂತ ಉತ್ತರ ಬರುತ್ತಿತ್ತು. ಹೆಸರು ನೋಡಿ ಊಹಿಸುವುದನ್ನು ಅಲ್ಲಿಗೇ ಬಿಟ್ಟೆ.

ಇನ್ನೊಂದು ತಪ್ಪು ನನಗೆ ಕಂಡೇ ಇರಲಿಲ್ಲ. ಅದನ್ನು ತೋರಿಸಿದವರು ನಮ್ಮ ಬೀದಿಯಲ್ಲಿರುವ ಒಬ್ಬ ಹಿರಿಯರು. ಸರ್ಕಾರಿ ಕಚೇರಿಯಲ್ಲಿ ಅಧೀಕ್ಷಕರಾಗಿದ್ದು ನಿವೃತ್ತರಾದವರು. ನನ್ನ ಮೇಲ್ ಓದಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

“ಸರ್ ಅಂದಿದ್ದು ಹೋಗ್ಲಿ ಬಿಡಮ್ಮ. ಈ ‘ತಿಳಿಸಿದೆ’ ಯಾಕೆ ಬಂತು? ನೀನೇನು ಅವರ ಮೇಲಧಿಕಾರಿಯಾ?”

ಆಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಚೇರಿ ಕನ್ನಡದಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವುದು ಸಂಬೋಧನೆಗಿಂತ ಜಾಸ್ತಿ ಮುಕ್ತಾಯದ ಕ್ರಿಯಾಪದದಲ್ಲಿ ಕೂತಿರುತ್ತದೆ. ಕೆಳಗಿನವರು ಮೇಲಿನವರಿಗೆ ಕಡತ ‘ಸಲ್ಲಿಸಿದೆ’ ಎನ್ನುತ್ತಾರೆ. ಸರಿಸಮಾನರು ‘ಕಳುಹಿಸಿದೆ’ ಎನ್ನುತ್ತಾರೆ. ಮೇಲಿನವರು ಕೆಳಗಿನವರಿಗೆ ‘ಸೂಚಿಸಿದೆ’, ‘ತಿಳಿಸಿದೆ’ ಎನ್ನುತ್ತಾರೆ. ನಾನು ನೋಡಿಕೊಂಡು ಬರೆದ ಸುತ್ತೋಲೆ ಮೇಲಿನಿಂದ ಕೆಳಕ್ಕೆ ಹೋಗಿದ್ದು. ಅದರ ಕೊನೆಯ ಸಾಲು ತೆಗೆದುಕೊಂಡೆ ಅಂದರೆ ಅದರ ಅಧಿಕಾರವನ್ನೂ ತೆಗೆದುಕೊಂಡ ಹಾಗೆ. ಮೇಲೆ ‘ಮಾನ್ಯ’ ಅಂದು ಕೆಳಗೆ ‘ತಿಳಿಸಿದೆ’ ಅಂದರೆ ಆ ಮಾನ್ಯಕ್ಕೆ ಏನು ಬೆಲೆ, ಅಲ್ವಾ?

ಅಲ್ಲಿಂದ ನಾನು ಸಂಬೋಧನೆ, ನಡುವಿನ ಸರ್ವನಾಮ, ಮುಕ್ತಾಯ ಈ ಮೂರನ್ನೂ ಒಂದೇ ಜೊತೆ ಅಂತ ನೋಡಲು ಶುರು ಮಾಡಿದೆ.

ಸಂಬೋಧನೆಗೆ ಬಹಳ ಪ್ರಯತ್ನ ಮಾಡಿದ್ದೇನೆ. ‘ಸರ್/ಮೇಡಂ’ ಅಂತ ಗೆರೆ ಹಾಕಿ ಬರೆದು ನೋಡಿದೆ. ಅರ್ಜಿ ನಮೂನೆಯಲ್ಲಿ ಒಂದನ್ನು ಹೊಡೆದುಹಾಕಲು ಮರೆತ ಹಾಗೆ ಕಾಣಿಸುತ್ತದೆ. ‘ಮಾನ್ಯ ಮಹೋದಯರೇ’ ವ್ಯಾಕರಣದ ಪ್ರಕಾರ ಇಬ್ಬರಿಗೂ ಸಲ್ಲುತ್ತದೆ, ಆದರೆ ಮಹೋದಯ ಅಂದರೆ ಗಂಡಸು ಅಂತ ಓದುವವರೇ ಹೆಚ್ಚು. ‘ಶ್ರೀ/ಶ್ರೀಮತಿ’ ಇನ್ನೂ ತೊಂದರೆ. ‘ಶ್ರೀಮತಿ’ ಅಂದಾಗ ಅವರಿಗೆ ಮದುವೆಯಾಗಿದೆ ಅಂತಲೂ ನಾವೇ ತೀರ್ಮಾನ ಮಾಡಿದ ಹಾಗಾಗುತ್ತದೆ. ‘ಸನ್ಮಾನ್ಯ’ವನ್ನು ಮಂತ್ರಿಗಳಿಗೆ, ಶಾಸಕರಿಗೆ ಬರೆಯುವುದು ರೂಢಿ. ಅದನ್ನು ಗುಮಾಸ್ತರಿಗೆ ಬರೆದರೆ ಗೇಲಿ ಮಾಡಿದರು ಅಂದುಕೊಂಡಾರು.

ಕೊನೆಗೆ ‘ಮಾನ್ಯರೇ’ಗೆ ಬಂದು ನಿಂತೆ. ಅದರಲ್ಲಿರುವ ‘ರು’ ನಮಗೆ ಮೂರು ಕೆಲಸ ಮಾಡಿಕೊಡುತ್ತದೆ. ಅದು ಗೌರವ ತೋರಿಸುತ್ತದೆ. ಗಂಡೋ ಹೆಣ್ಣೋ ಎಂದು ಗುರುತಿಸುವುದಿಲ್ಲ. ಬಹುವಚನವೂ ಅದೇ ಆದ್ದರಿಂದ ಮೇಲ್ ಒಬ್ಬರಿಗೆ ಹೋದರೂ ಸರಿ, ನಾಲ್ವರಿಗೆ ಒಟ್ಟಿಗೆ ಹೋದರೂ ಸರಿ. ಹೆಸರು ಹೇಳಲೇಬೇಕಾದಾಗ ‘ವಸಂತ ಅವರೇ’ ಅಂದರೆ ಸಾಕು. ಮಾತಿನ ಕನ್ನಡದಲ್ಲಿ ಸರ್ ಇಲ್ಲವೇ ಮೇಡಂ ಎರಡರಲ್ಲೊಂದು ಬೇಕೇ ಬೇಕು. ಬರಹದ ಕನ್ನಡದಲ್ಲಿ ಮಾತ್ರ ಈ ಅನುಕೂಲ ಸಿಗುತ್ತದೆ. ಇದನ್ನು ಬಿಟ್ಟು ನಾವು ಸರ್‌ಗೆ ಹೋಗುತ್ತೇವಲ್ಲ ಅಂತ ನನಗೆ ಈಗಲೂ ಆಶ್ಚರ್ಯ.

ಹುದ್ದೆಯ ಹೆಸರಿಗೂ ಇದೇ ದಾರಿ. ಮುಖ್ಯೋಪಾಧ್ಯಾಯ, ಮುಖ್ಯೋಪಾಧ್ಯಾಯಿನಿ ಎರಡೂ ಬಿಟ್ಟು ‘ಮುಖ್ಯ ಶಿಕ್ಷಕರು’ ಎಂದು ಬರೆಯುತ್ತೇನೆ. ನಿರ್ದೇಶಕರು, ಅಧ್ಯಕ್ಷರು, ಕಾರ್ಯದರ್ಶಿಗಳು, ಕ್ಷೇತ್ರ ಶಿಕ್ಷಣಾಧಿಕಾರಿಗಳು, ಎಲ್ಲವೂ ಹೀಗೇ ನಡೆಯುತ್ತವೆ. ಕಚೇರಿಯ ಸಾಮಾನ್ಯ ಇಮೇಲ್ ವಿಳಾಸಕ್ಕೆ ಹೋಗುವುದಾದರೆ ಹುದ್ದೆಯನ್ನೂ ಊಹಿಸುವುದಿಲ್ಲ. ಅಲ್ಲಿ ಮೊದಲು ತೆರೆದು ನೋಡುವವರು ಬಹುತೇಕ ವಿಷಯ ನಿರ್ವಾಹಕರೇ. ‘ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ’ ಎಂದು ಒಂದು ಸಾಲು, ಅದರ ಕೆಳಗೆ ‘ಮಾನ್ಯರೇ’. ಅಧಿಕಾರಿ ಓದಿದರೂ ಹೊಂದುತ್ತದೆ, ಟಪಾಲು ನೋಡುವವರು ಓದಿದರೂ ಹೊಂದುತ್ತದೆ.

ಸರ್ವನಾಮದಲ್ಲಿ ನಾನು ಜಾಸ್ತಿ ಎಡವಿದ್ದೇನೆ. ನನ್ನ ಮೊದಲ ಮೇಲ್‌ನಲ್ಲೇ ನೋಡಿ, ‘ನಿಮ್ಮ ಶಾಲೆ’ ಅಂತ ಶುರುವಾಗಿ ‘ತಮ್ಮ ಒಪ್ಪಿಗೆ’ ಅಂತ ಮುಗಿದಿದೆ. ಓದುವವರಿಗೆ ಇದು ಬೇರೆಲ್ಲಿಂದಲೋ ಎತ್ತಿ ಅಂಟಿಸಿದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಗೊತ್ತಿಲ್ಲದವರಿಗೆ ಮೊದಲ ಮೇಲ್ ಆದರೆ ಪೂರ್ತಿ ‘ತಾವು, ತಮ್ಮ’. ಕಳುಹಿಸುವ ಮುಂಚೆ Ctrl+F ಒತ್ತಿ ‘ನೀವು’, ‘ನಿಮ್ಮ’, ‘ನಿಮಗೆ’ ಮೂರನ್ನೂ ಹುಡುಕುತ್ತೇನೆ. ಈಗಲೂ ಅಪರೂಪಕ್ಕೆ ಒಂದು ಸಿಕ್ಕೇ ಸಿಗುತ್ತದೆ. ಆದರೆ ಪ್ರತಿ ವಾಕ್ಯಕ್ಕೂ ‘ತಾವು’ ತುರುಕಿದರೆ ದರಬಾರಿನ ಮಾತಿನಂತಾಗುತ್ತದೆ. ‘ಒಪ್ಪಿಗೆ ಸಿಕ್ಕರೆ 20 ಪುಸ್ತಕಗಳನ್ನು ನಾವೇ ತರುತ್ತೇವೆ’ ಅನ್ನುವಂಥ ಸಾಲಿಗೆ ಸರ್ವನಾಮವೇ ಬೇಡ.

ಮುಕ್ತಾಯದಲ್ಲಿ ಎರಡು ಸಂಗತಿ ಇವೆ. ಒಂದು, ಕೋರಿಕೆಯ ಸಾಲು. ಆ ಕಡೆ ಇರುವವರು ಮೇಲೋ ಕೆಳಗೋ ಗೊತ್ತಿಲ್ಲದಿದ್ದರೆ ‘ಕೋರುತ್ತೇನೆ’ ಅಥವಾ ‘ವಿನಂತಿ’. ‘ಒಪ್ಪಿಗೆ ತಿಳಿಸಬೇಕಾಗಿ ವಿನಂತಿ’ ಅನ್ನುವ ಸಾಲನ್ನು ಜಿಲ್ಲಾ ಮಟ್ಟದ ಅಧಿಕಾರಿಗೂ ಬರೆಯಬಹುದು, ಶಾಲೆಯ ಗುಮಾಸ್ತರಿಗೂ ಬರೆಯಬಹುದು. ‘ದಯಪಾಲಿಸಬೇಕಾಗಿ ಬೇಡಿಕೊಳ್ಳುತ್ತೇನೆ’ ಎಂಬ ಮಟ್ಟಕ್ಕೆ ಇಳಿಯುವುದು ಬೇಡ. ನಾವು ಬೇಡುತ್ತಿಲ್ಲ, ಕೇಳುತ್ತಿದ್ದೇವೆ.

ಎರಡು, ಸಹಿಯ ಮೇಲಿನ ಸಾಲು. ಇನ್ನೂ ಆಗದ ಕೆಲಸಕ್ಕೆ ‘ಧನ್ಯವಾದಗಳು’ ಅಂದರೆ ನೀವು ಒಪ್ಪಿಯೇ ಒಪ್ಪುತ್ತೀರಿ ಅಂತ ಮುಂಚೆಯೇ ಗಂಟು ಹಾಕಿದ ಹಾಗೆ ನನಗನ್ನಿಸುತ್ತದೆ. ಅದನ್ನು ಕೆಲಸ ಆದಮೇಲಿನ ಮೇಲ್‌ಗೆ ಉಳಿಸಿಕೊಳ್ಳುತ್ತೇನೆ. ಮೊದಲನೆಯದಕ್ಕೆ ‘ವಂದನೆಗಳೊಂದಿಗೆ’. ‘ತಮ್ಮ ವಿಧೇಯ’ ನಮಗೆಲ್ಲ ಶಾಲೆಯ ರಜಾ ಅರ್ಜಿಯಿಂದಲೇ ಬಾಯಿಪಾಠ. ಆದರೆ ಅದು ಕೈಕೆಳಗಿನವರು ಬರೆಯುವ ಮಾತು. ಮೇಲಾಗಿ ವಿಧೇಯನೋ ವಿಧೇಯಳೋ ಎಂಬ ಪ್ರಶ್ನೆ ನನ್ನ ಕಡೆಗೇ ತಿರುಗುತ್ತದೆ. ಅಂಥ ಸಾಲು ಬೇಕೇ ಬೇಕು ಅನ್ನಿಸಿದರೆ ‘ತಮ್ಮ ವಿಶ್ವಾಸಿ’ ಇದೆ. ಅದನ್ನು ಗಂಡಸರೂ ಹೆಂಗಸರೂ ಹಾಗೇ ಬರೆಯಬಹುದು.

ಸಹಿಯಲ್ಲಿ ಈಗ ಪೂರ್ತಿ ಹೆಸರು, ಟ್ರಸ್ಟಿನಲ್ಲಿ ನನ್ನ ಕೆಲಸ, ಫೋನ್ ನಂಬರು ಹಾಕುತ್ತೇನೆ. ನನಗೆ ಉತ್ತರ ಬರೆಯುವವರೂ ನನ್ನ ಹಾಗೇ ತಡಕಾಡಬಾರದು ಅಂತ. ಅವರ ಉತ್ತರ ಬಂದಾಗ ಮೊದಲು ನೋಡುವುದು ಕೊನೆಯ ಸಾಲನ್ನೇ. ‘ಡಾ.’ ಅಂತ ಇದ್ದರೆ ಮುಂದಿನ ಸಲ ನಾನೂ ‘ಡಾ.’ ಹಾಕುತ್ತೇನೆ. ‘ಪರವಾಗಿ’ ಎಂದಿದ್ದರೆ ಬರೆದವರೇ ಬೇರೆ, ಹುದ್ದೆಯವರೇ ಬೇರೆ. ಆಗ ‘ಮಾನ್ಯರೇ’ಯನ್ನು ಬದಲಿಸುವುದಿಲ್ಲ. ಅವರು ‘ನಿಮ್ಮ’ ಅಂತ ಬರೆದು ಸಲುಗೆ ತೋರಿಸಿದರೆ ನಾನೂ ‘ನಿಮ್ಮ’ಗೆ ಇಳಿಯುತ್ತೇನೆ, ಪೂರ್ತಿಯಾಗಿ.

ಆ ಶಾಲೆಗೆ ನಾಲ್ಕು ದಿನ ಬಿಟ್ಟು ಮತ್ತೆ ಬರೆದೆ:

“ವಸಂತ ಅವರೇ, ನನ್ನ ಹಿಂದಿನ ಮೇಲ್‌ನಲ್ಲಿ ತಮ್ಮನ್ನು ತಪ್ಪಾಗಿ ಸಂಬೋಧಿಸಿದ್ದೆ, ಕ್ಷಮಿಸಿ. ತಮ್ಮ ಶಾಲೆಯ ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಗೆ ವಾರಕ್ಕೆ ಒಂದು ಗಂಟೆ ಕಥೆ ಓದಿಸುವ ಆಸೆ ನಮಗಿದೆ. ಅನುಕೂಲವಾಗುವ ದಿನವನ್ನು ತಿಳಿಸಬೇಕಾಗಿ ವಿನಂತಿ. ವಂದನೆಗಳೊಂದಿಗೆ, ಶಶಿಕಲಾ.”

ಕ್ಷಮೆಯನ್ನು ಒಂದೇ ಸಾಲಿಗೆ ಮುಗಿಸಿದೆ. ಎಳೆದರೆ ಅವರೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಸಂಜೆಯೇ ಉತ್ತರ ಬಂತು: ಬುಧವಾರ, ಮಧ್ಯಾಹ್ನದ ಊಟ ಆದಮೇಲೆ ಬನ್ನಿ ಅಂತ.

ಫೋನಿನಲ್ಲಿ ಮಾತ್ರ ಇದ್ಯಾವುದೂ ನಡೆಯುವುದಿಲ್ಲ. ಗೊತ್ತಿಲ್ಲದ ನಂಬರಿಗೆ ಮಾಡಿದಾಗ ‘ನಮಸ್ಕಾರ’ ಅಂದು, ನನ್ನ ಹೆಸರು ಊರು ಹೇಳಿ, ಆ ಕಡೆಯ ದನಿ ಕೇಳುವವರೆಗೂ ಸುಮ್ನೆ ಇರುತ್ತೇನೆ.