ಕೇಳಿಸಿಕೊಳ್ಳುತ್ತಾಳೆ, ಆದರೆ ಕೇಳುವುದಿಲ್ಲ

ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುವ ಗೆಳತಿ, ತಾನಾಗಿ ‘ನಿಂದೇನು ಸಮಾಚಾರ?’ ಅಂದಿದ್ದೇ ಇಲ್ಲ. ನಿಮಗೂ ಇಂಥ ಗೆಳತಿ ಇದ್ದರೆ, ಬೇಜಾರನ್ನು ವಾಟ್ಸಾಪಿನಲ್ಲಿ ಹೇಳಬೇಡಿ, ಬರೀ ದೂರಿನಂತೆ ಕಾಣುತ್ತದೆ. ನಾನು ಲಾಲ್‌ಬಾಗಿನಲ್ಲಿ ನಡೆಯುತ್ತಾ ಹೇಳಿದೆ. ಪಕ್ಕಪಕ್ಕ ನಡೆಯುವಾಗ ಮುಜುಗರ ಕಡಿಮೆ.

‘ನೀನು ಯಾವಾಗಲೂ ಹೀಗೇ’ ಎನ್ನಲಿಲ್ಲ. ಒಂದೇ ಸಂಗತಿ ಹಿಡಿದೆ: ‘ಅಮ್ಮನ ಆಪರೇಷನ್ ಆದ್ಮೇಲೆ ನೀನು ಕೇಳ್ತೀಯ ಅಂತ ಕಾದೆ ಕಣೇ. ಕೇಳ್ಲಿಲ್ಲ, ಬೇಜಾರಾಯ್ತು. ಇನ್ಮುಂದೆ ನೀನೇ ಒಂದ್ಸಲ ಕೇಳು.’

ಆಮೇಲೆ ಸುಮ್ಮನಿದ್ದೆ. ಕಷ್ಟದ ಕೆಲಸ ಇದೇ! ‘ಹೋಗ್ಲಿ ಬಿಡು’ ಅಂದುಬಿಟ್ಟರೆ ಹೇಳಿದ್ದು ನೀರಲ್ಲಿ ಹೋಮ.

‘ಕೇಳಿದ್ರೆ ಕೆದಕಿದ ಹಾಗಾಗುತ್ತೆ, ಬೇಕಿದ್ರೆ ನೀನೇ ಹೇಳ್ತೀಯ ಅಂದ್ಕೊಂಡಿದ್ದೆ’ ಅಂದಳು. ಮಾತು ಕಡಿಮೆ ಇರುವವರಲ್ಲಿ ಈ ಯೋಚನೆ ಇರುತ್ತದೆ. ಹೇಳಿದ ಮೇಲೆ, ಕೇಳುತ್ತಾಳಾ ಅಂತ ಒಂದು ತಿಂಗಳು ನೋಡಿ. ತಡವರಿಸಿ ಕೇಳಿದರೂ ಪೂರ್ತಿ ಉತ್ತರ ಕೊಡಿ, ‘ಚೆನ್ನಾಗಿದ್ದೀನಿ’ ಅಂತ ಮುಗಿಸಬೇಡಿ.