ಓರೆ ಫೋಟೋದಿಂದ ಜಮೀನಿನ ವಿಸ್ತೀರ್ಣ ತೆಗೆದದ್ದು

ಹೊಳಲ್ಕೆರೆ ಕಡೆ ನಮ್ಮ ಮಾವ ಜಮೀನಿನ ಒಂದು ತುಂಡಿಗೆ ಅಡಿಕೆ ಸಸಿ ಹಾಕಬೇಕೆಂದಿದ್ದರು. ಟೇಪ್ ಹಿಡಿದು ಅಳೆದು, ಗ್ರಾಫ್ ಹಾಳೆಯಲ್ಲಿ ಒಂದು ಸೆಂಟಿಮೀಟರಿಗೆ 10 ಮೀಟರ್ ಲೆಕ್ಕದಲ್ಲಿ ಚಿತ್ರ ಬರೆದು, ಅದರ ಫೋಟೋ ಕಳಿಸಿದರು. "ಎಷ್ಟು ಗುಂಟೆ ಬರುತ್ತೆ ನೋಡಪ್ಪ" ಅಂದರು.

ಐದು ಮೂಲೆಯ ತುಂಡು, ಒಂದು ಮೂಲೆ ಒಳಕ್ಕೆ ಸರಿದಿದೆ. ಫೋಟೋ ಬೇರೆ ಓರೆ. ಹತ್ತಿರದ ಚೌಕ ದೊಡ್ಡದು, ದೂರದ್ದು ಚಿಕ್ಕದು. ಇಂಥದ್ದರ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು. ನಾನು ಜೂಮ್ ಮಾಡಿ, ಎಡಗಡೆ ಕೆಳಗಿನ ಒಂದು ದಪ್ಪ ಗೆರೆ ಕೂಡುವಲ್ಲಿ ಸೊನ್ನೆ ಇಟ್ಟುಕೊಂಡು ಗೆರೆ ಎಣಿಸಿದೆ. ಹಾಳೆ ಓರೆಯಾದರೆ ಚಿತ್ರದ ಜೊತೆ ಗೆರೆಗಳೂ ಓರೆಯಾಗುತ್ತವೆ, ಹಾಗಾಗಿ ಎಣಿಕೆ ಬದಲಾಗುವುದಿಲ್ಲ.

ಬೇಲಿ ಗುಂಟ ಒಂದು ಸುತ್ತು ಬಂದಂತೆ ಮೂಲೆಗಳನ್ನು ಬರೆದು, ಮೊದಲನೆಯದನ್ನು ಕೊನೆಗೆ ಇನ್ನೊಮ್ಮೆ ಬರೆದೆ. ಎಡದ ಅಂಕಿ ಸೊನ್ನೆಯಿಂದ ಬಲಕ್ಕೆ ಎಷ್ಟು ಸೆಂಟಿಮೀಟರ್, ಬಲದ ಅಂಕಿ ಮೇಲಕ್ಕೆ ಎಷ್ಟು ಸೆಂಟಿಮೀಟರ್:

```
A  1  1
B  7  2
C  9  6
D  5  5
E  2  8
A  1  1
```

ಈಗ ಶೂ ಲೇಸ್ ಕಟ್ಟಿದ ಹಾಗೆ ಅಡ್ಡಡ್ಡ ಗುಣಿಸಬೇಕು. ಎಡದ ಅಂಕಿಯಿಂದ ಕೆಳಗಿನ ಸಾಲಿನ ಬಲದ ಅಂಕಿಗೆ: 2 + 42 + 45 + 40 + 2 = 131. ಬಲದಿಂದ ಕೆಳಗಿನ ಎಡಕ್ಕೆ: 7 + 18 + 30 + 10 + 8 = 73. ವ್ಯತ್ಯಾಸ 58, ಅದರ ಅರ್ಧ 29. ಒಂದು ಚೌಕವೆಂದರೆ 100 ಚದರ ಮೀಟರ್, ಅಂದರೆ ಒಟ್ಟು 2900. ಗುಂಟೆಗೆ 101.17 ಚದರ ಮೀಟರ್, ಹಾಗಾಗಿ ಸುಮಾರು 28.7 ಗುಂಟೆ. ಮೂಲೆ ಒಳಕ್ಕೆ ಸರಿದಿದ್ದರೂ ಬೇರೆ ಲೆಕ್ಕ ಬೇಕಿಲ್ಲ. ಪ್ರದಕ್ಷಿಣೆಯಾಗಿ ಬರೆದರೆ ಉತ್ತರ ಮೈನಸ್ ಬರುತ್ತದೆ, ಚಿಹ್ನೆ ಬಿಟ್ಟರಾಯಿತು.

ಮೋಸ ಮಾಡುವುದು ಮೂಲೆಗಳ ಕ್ರಮ. ಇಲ್ಲಿ C, D ಅದಲುಬದಲಾದರೆ 29.5 ಬರುತ್ತದೆ. ಅಂಕಿ ನೋಡಿದರೆ ಅನುಮಾನವೇ ಬರುವುದಿಲ್ಲ, ಅಲ್ವಾ? ಅದಕ್ಕೇ ಪಟ್ಟಿಯಿಂದ ಚಿತ್ರವನ್ನು ಮತ್ತೆ ಬರೆದು ಫೋಟೋ ಜೊತೆ ಹೋಲಿಸುತ್ತೇನೆ.

ಮೂಲೆಗಳೆಲ್ಲ ದಪ್ಪ ಗೆರೆಗಳು ಕೂಡುವಲ್ಲೇ ಬಿದ್ದಿದ್ದರಿಂದ ಇನ್ನೊಂದು ತಾಳೆಯೂ ಸಿಕ್ಕಿತು. ಗೆರೆ ಕೂಡುವ ಬಿಂದುಗಳು ಒಳಗೆ 26, ಗಡಿಯ ಮೇಲೆ 8. ಒಳಗಿನದಕ್ಕೆ ಗಡಿಯದರ ಅರ್ಧ ಕೂಡಿ ಒಂದು ಕಳೆದರೆ 26 + 4 − 1 = 29. ಮೂಲೆ ದಪ್ಪ ಗೆರೆಗಳ ನಡುವೆ ಬಿದ್ದರೆ ಈ ಉಪಾಯ ನಡೆಯುವುದಿಲ್ಲ.

ಓದುವುದರಲ್ಲಿ ಒಂದು ಮಿಲಿಮೀಟರ್ ಆಚೀಚೆ ಆದರೆ? E ಮೂಲೆಯ ಅಕ್ಕಪಕ್ಕದ D, A ನಡುವೆ ಸುಮಾರು 5.7 ಸೆಂಟಿಮೀಟರ್ ಇದೆ. D–A ಗೆರೆಯಿಂದ E ನೇರವಾಗಿ ಒಂದು ಮಿಲಿಮೀಟರ್ ದೂರ ಸರಿದರೆ 28 ಚದರ ಮೀಟರ್ ಜಾಸ್ತಿ, ಅಂದರೆ ಕಾಲು ಗುಂಟೆಗೂ ಮೇಲೆ. ಗಡಿ ತಕರಾರಿಗೆ ಇದು ಸಾಲದು, ಅದಕ್ಕೆ ಸರ್ವೆಯವರಿಂದ ಹದ್ದುಬಸ್ತೇ ಆಗಬೇಕು. ಸಸಿ ಲೆಕ್ಕಕ್ಕೆ ಧಾರಾಳ ಸಾಕು. 2.7 ಮೀಟರ್ ಅಂತರದಲ್ಲಿ ಒಂದು ಸಸಿಗೆ 7.29 ಚದರ ಮೀಟರ್ ಬೇಕು, ಅಂದರೆ ಹೆಚ್ಚೆಂದರೆ 397. ಬೇಲಿ ಪಕ್ಕ ಬಿಡುವ ಜಾಗ ಕಳೆದರೆ ಇನ್ನೂ ಕಡಿಮೆ ಆಗುತ್ತದೆ ಎಂದು ಮಾವನಿಗೆ ಹೇಳಿದೆ.